ಡ್ಯುಪ್ ಆಕ್ ಹಿಡಿದು ಹೊರಟವನಿಗೆ ಸಿಕ್ಕಿದ್ದು ಒದ್ದೆ ಕೇಬಲ್

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟ. ಬಂಗಲೆಗೆ ಫೈಬರ್ ಇದೆ. ಅಲ್ಲಿಂದ ಗೋದಾಮಿಗೆ ಕಣಿವೆ ದಾಟಿ 5 ಗಿಗಾಹರ್ಟ್ಜ್ ರೇಡಿಯೋ ಲಿಂಕ್, ಸುಮಾರು ಎರಡು ಕಿಲೋಮೀಟರ್. ಕಕ್ಕಡದ ಮಳೆ ಹಿಡಿದ ಮೇಲೆ ಗೋದಾಮಿನಿಂದ ಅಪ್‌ಲೋಡ್ ಒಂದೂವರೆ, ಎರಡು ಎಂಬಿಪಿಎಸ್‌ಗೆ ಇಳಿಯಿತು. ಡೌನ್‌ಲೋಡ್ ಮಾತ್ರ ಸರಿಯಾಗಿತ್ತು. ಸಿಲ್ವರ್ ಓಕ್ ಬೆಳೆದು ಸಿಗ್ನಲ್‌ಗೆ ಅಡ್ಡ ಬಂದಿದೆ, ಕಂಬ ಎತ್ತರಿಸಿ ಹೊಸ ರೇಡಿಯೋ ಜೋಡಿ ಹಾಕಬೇಕು ಎಂದು ಎಲ್ಲರೂ ಹೇಳಿದರು. ಲೆಕ್ಕ ನಲವತ್ತು ಸಾವಿರ ದಾಟುತ್ತಿತ್ತು. ಪ್ಯಾಕೆಟ್ ಕ್ಯಾಪ್ಚರ್ ನೋಡಿ ನಷ್ಟದ ಜಾಗ ಹೇಳುತ್ತೇನೆ ಎಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ.

ಮೊದಲ ಕ್ಯಾಪ್ಚರ್ ಕೆಲಸಕ್ಕೆ ಬರಲಿಲ್ಲ. ಅಪ್‌ಲೋಡ್ ಮಾಡುವ ವಿಂಡೋಸ್ ಪಿಸಿಯಲ್ಲೇ ವೈರ್‌ಶಾರ್ಕ್ ಓಡಿಸಿದ್ದೆ. ಲಾರ್ಜ್ ಸೆಂಡ್ ಆಫ್‌ಲೋಡ್ ಆನ್ ಇದ್ದುದರಿಂದ ಹತ್ತಾರು ಸಾವಿರ ಬೈಟಿನ ಫ್ರೇಮ್‌ಗಳು ಕಂಡವು. ಅವು ತಂತಿಯ ಮೇಲೆ ಹೋದ ಪ್ಯಾಕೆಟ್‌ಗಳಲ್ಲ, ಇನ್ನೊಂದು ತುದಿಯ ಕ್ಯಾಪ್ಚರ್‌ಗೆ ಹೊಂದಿಸಲು ಆಗುವುದಿಲ್ಲ. ಎರಡನೇ ಸಲ ಸ್ವಿಚ್‌ನ ಮಿರರ್ ಪೋರ್ಟಿನಿಂದ ತೆಗೆದೆ. ಅದರಲ್ಲಿ ಅಲ್ಲಲ್ಲಿ `[TCP ACKed unseen segment]` ಬಂತು. ಆಚೆಯವನು ತಲುಪಿತು ಎನ್ನುತ್ತಿದ್ದಾನೆ, ನಮ್ಮ ಫೈಲಿನಲ್ಲಿ ಆ ಪ್ಯಾಕೆಟ್ ಇಲ್ಲ ಎಂದರೆ ಕಳೆದುಕೊಂಡದ್ದು ನೆಟ್‌ವರ್ಕ್ ಅಲ್ಲ, ನಮ್ಮ ಕ್ಯಾಪ್ಚರ್. ಅಂಥ ಫೈಲಿನ ಮೇಲೆ ತೀರ್ಮಾನ ಮಾಡಬಾರದು. ಪ್ಯಾಕೆಟಿನ ಮೊದಲ 96 ಬೈಟ್ ಮಾತ್ರ ಉಳಿಸಿದ ಮೇಲೆ ಅದು ನಿಂತಿತು; ಹೆಡರ್ ಮತ್ತು ಟಿಸಿಪಿ ಆಪ್ಷನ್‌ಗಳಿಗೆ ಅಷ್ಟು ಸಾಕು.

```
tcpdump -ni eth0 -s 96 -c 20000 -w g.pcap host 192.168.10.21 and tcp
```

ಗೋದಾಮಿನ ಸ್ವಿಚ್‌ನಲ್ಲಿ ಒಂದು, ಬಂಗಲೆಯಲ್ಲಿ ರೇಡಿಯೋ ಮತ್ತು ರೂಟರ್ ನಡುವೆ ಇನ್ನೊಂದು, ಎರಡೂ ಒಂದೇ ಹೊತ್ತಿಗೆ. ಗೋದಾಮಿನ ಫೈಲಿನಲ್ಲಿ `Seq=43801 Len=1460` ಹೊರಟಿದೆ. ಸ್ವಲ್ಪದರಲ್ಲೇ `Ack=43801` ಎಂದು ಆಚೆಯಿಂದ ಮತ್ತೆ ಮತ್ತೆ ಅದೇ ಸ್ವೀಕೃತಿ, ಅಂದರೆ ಡ್ಯುಪ್ ಆಕ್, ಜೊತೆಗೆ `SLE=45261`. ಅಂದರೆ 45261ರಿಂದ ಮುಂದಿನದು ತಲುಪಿದೆ, ನಡುವಿನ 1460 ಬೈಟ್, ಸರಿಯಾಗಿ ಒಂದೇ ಪ್ಯಾಕೆಟ್, ಇಲ್ಲ. ನಂತರ ಅದೇ 43801 ಫಾಸ್ಟ್ ರೀಟ್ರಾನ್ಸ್‌ಮಿಷನ್ ಆಗಿ ಇನ್ನೊಮ್ಮೆ ಹೊರಟಿದೆ. ಬಂಗಲೆಯ ಫೈಲಿನಲ್ಲಿ ಅದೇ ಜಾಗಕ್ಕೆ `[TCP Previous segment not captured]`, ಆಮೇಲೆ 43801 ಒಂದೇ ಸಲ.

ಇಡೀ ವಿದ್ಯೆ ಇಷ್ಟೇ: ಕ್ಯಾಪ್ಚರ್ ಮಾಡಿದ ಜಾಗದಲ್ಲಿ ಮೂಲವೂ ಮರುಕಳುಹಿಸಿದ್ದೂ ಎರಡೂ ಕಂಡರೆ ನಷ್ಟ ಅಲ್ಲಿಂದ ಮುಂದೆ. ಖಾಲಿ ಬಿಟ್ಟು ಒಂದೇ ಕಂಡರೆ ನಷ್ಟ ಅಲ್ಲಿಂದ ಹಿಂದೆ. ಎರಡು ಫೈಲುಗಳನ್ನು ಗಡಿಯಾರದಿಂದ ಹೊಂದಿಸಬೇಡಿ, `tcp.seq_raw` ಇಟ್ಟು ಹೊಂದಿಸಿ.

ಎಂಟಿಯು ಅನುಮಾನವೂ ಬಂದಿತ್ತು. ಆದರೆ ಎಂಟಿಯು ತೊಂದರೆಯಾಗಿದ್ದರೆ ಅದೇ ಗಾತ್ರದ್ದು ಎಷ್ಟು ಸಲ ಕಳಿಸಿದರೂ ಹೋಗುತ್ತಿರಲಿಲ್ಲ. ಇಲ್ಲಿ ಎರಡನೇ ಸಲಕ್ಕೇ ಹೋಗುತ್ತಿತ್ತು. ಸಾಮಾನ್ಯ ಪಿಂಗ್ ಒಂದೂ ತಪ್ಪಲಿಲ್ಲ, `ping -l 1472 -n 500` ಕೊಟ್ಟರೆ ಇಪ್ಪತ್ತರ ಆಸುಪಾಸು ಕಳೆದುಹೋದವು. ದೊಡ್ಡ ಫ್ರೇಮ್ ಸಾಯುತ್ತದೆ, ಸಣ್ಣದು ಬದುಕುತ್ತದೆ ಎಂದರೆ ನನ್ನ ಮಟ್ಟಿಗೆ ಮೊದಲ ಸಂಶಯ ಬಿಟ್ ದೋಷ. 1518 ಬೈಟಿನ ಫ್ರೇಮ್‌ಗೆ 64 ಬೈಟಿನದಕ್ಕಿಂತ ಸುಮಾರು 24 ಪಟ್ಟು ಹೆಚ್ಚು ಅಪಾಯ. ಸಿಆರ್‌ಸಿ ತಪ್ಪಿದ ಫ್ರೇಮನ್ನು ಪೋರ್ಟ್ ಸದ್ದಿಲ್ಲದೆ ಎಸೆಯುತ್ತದೆ, ಅದು ವೈರ್‌ಶಾರ್ಕ್‌ವರೆಗೆ ಬರುವುದೇ ಇಲ್ಲ.

ಇನ್ನು ಉಳಿದದ್ದು ಗೋದಾಮಿನ ಕೇಬಲ್, ಗಾಳಿ, ಬಂಗಲೆಯ ಕೇಬಲ್. ಗಾಳಿಯಲ್ಲಿ ಹೋದದ್ದನ್ನು ರೇಡಿಯೋಗಳು ತಾವೇ ಮತ್ತೆ ಕಳಿಸಿಕೊಳ್ಳುತ್ತವೆ, ಹಾಗಾಗಿ ಅದು ನಷ್ಟಕ್ಕಿಂತ ಹೆಚ್ಚಾಗಿ ವಿಳಂಬವಾಗಿ ಕಾಣುತ್ತದೆ. ಗೋದಾಮಿನ ರೇಡಿಯೋಗೇ ಎಸ್‌ಎಸ್‌ಎಚ್ ಮಾಡಿ ಅದರ `eth0` ಮೇಲೆ ಅದೇ ಕಮಾಂಡ್ ಓಡಿಸಿದೆ. ಕೊನೆಯಲ್ಲಿ `0 packets dropped by kernel` ಬಂದದ್ದನ್ನು ನೋಡಿಕೊಂಡೆ. ಮೂಲ ಪ್ಯಾಕೆಟ್ ಅಲ್ಲಿಯೂ ಇರಲಿಲ್ಲ. ಗಾಳಿಗೆ ಏರುವ ಮೊದಲೇ ಹೋಗಿತ್ತು, ಆ ಪೋರ್ಟಿನ ಆರ್‌ಎಕ್ಸ್ ಎರರ್ ಕೂಡ ಏರುತ್ತಿತ್ತು.

ಕಂಬದ ಮೇಲೆ ಕನೆಕ್ಟರ್ ಬಿಚ್ಚಿದರೆ ಪಿನ್‌ಗಳಿಗೆ ಹಸಿರು ಕಿಲುಬು. ಕೇಬಲ್‌ಗೆ ಕೆಳಗೆ ಬಾಗು ಬಿಟ್ಟಿರಲಿಲ್ಲ, ನೀರು ನೇರ ಪೋರ್ಟಿಗೆ ಇಳಿದಿತ್ತು. ಅದು 100 ಎಂಬಿಪಿಎಸ್ ಪೋರ್ಟ್: ಹೋಗಲು ಒಂದು ಜೋಡಿ ತಂತಿ, ಬರಲು ಇನ್ನೊಂದು, ಪಿಒಇ ಕರೆಂಟ್‌ಗೆ ಉಳಿದೆರಡು. ಕೆಟ್ಟಿದ್ದು ಅಪ್‌ಲೋಡ್ ಜೋಡಿ ಮಾತ್ರ. ರೇಡಿಯೋ ಒಮ್ಮೆಯೂ ಆಫ್ ಆಗದ ಕಾರಣ ಕೇಬಲ್ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಜೆಲ್ ತುಂಬಿದ ಔಟ್‌ಡೋರ್ ಕೇಬಲ್ ಮೂವತ್ತೈದು ಮೀಟರ್, ಕನೆಕ್ಟರ್, ಕಂಬ ಹತ್ತಿದವರ ಕೂಲಿ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಮಳೆಯಲ್ಲೇ ಅಪ್‌ಲೋಡ್ ಹದಿನೆಂಟಕ್ಕೆ ಬಂತು. ಈಗಲೂ ಹತ್ತು ಸಾವಿರಕ್ಕೆ ನಾಲ್ಕೈದು ರೀಟ್ರಾನ್ಸ್‌ಮಿಷನ್ ಇವೆ, ಆದರೆ ಬಂಗಲೆಯ ಕ್ಯಾಪ್ಚರ್‌ನಲ್ಲಿ ಮೂಲವೂ ನಕಲೂ ಎರಡೂ ಇರುತ್ತವೆ. ಆ ನಷ್ಟ ರೂಟರಿನದು ಅಥವಾ ಅದರಿಂದಾಚೆಯದು.