ಹೂಡಿಕೆ ಕೇಳುವಾಗ: ಆ ‘ಒಂದು ಕೋಟಿ’ ಯಾವಾಗಿನದು?

ಊರಿನ ಹೂಡಿಕೆದಾರರ ಬಳಿ ಹೋಗುವವರು ಅಂದಾಜು ಮೊತ್ತ ಕೇಳಬೇಡಿ. ನಮ್ಮ ಜೋಳದ ರೊಟ್ಟಿ ಘಟಕದ ಯಂತ್ರಕ್ಕೆ 9 ಲಕ್ಷ, ಹದಿನೆಂಟು ತಿಂಗಳ ಸಂಬಳ, ಬಾಡಿಗೆಗೆ 16 ಲಕ್ಷ ಎಂದು ಬರೆದು ತೋರಿಸಿ 25 ಲಕ್ಷ ಕೇಳಿದೆವು. “ಕಂಪನಿಯ ಬೆಲೆ ಒಂದು ಕೋಟಿ ಎಂದಿಟ್ಟುಕೊಳ್ಳೋಣ” ಎಂದರು. ಅದು ಅವರ ಹಣ ಸೇರುವ ಮುಂಚಿನ ಬೆಲೆಯೋ, ಸೇರಿದ ನಂತರದ್ದೋ? ಮುಂಚಿನದಾದರೆ ಒಟ್ಟು 1.25 ಕೋಟಿಯಾಗಿ ಅವರ ಪಾಲು ಶೇ 20; ನಂತರದ್ದಾದರೆ ಶೇ 25. ಕೇಳಿದ್ದರಿಂದಲೇ ಅವರ ಪಾಲು ಶೇ 20ಕ್ಕೆ ನಿಂತಿತು. ಇದನ್ನು ಬರಹದಲ್ಲೇ ಪಡೆಯಿರಿ.

ಷೇರು ಕೊಟ್ಟು ಪಡೆದ ಹಣ ಸಾಲವಲ್ಲ. ಬಡ್ಡಿ, ಕಂತು ಇಲ್ಲ; ಆದರೆ ಲಾಭದಲ್ಲೂ ಮತದಲ್ಲೂ ಅವರಿಗೆ ಪಾಲಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಮತದ ಹಕ್ಕಿರುವ ಶೇ 25ಕ್ಕಿಂತ ಹೆಚ್ಚು ಷೇರು ಒಬ್ಬರ ಕೈಸೇರಿದರೆ, ನಿಯಮಾವಳಿ ತಿದ್ದುವಂಥ ವಿಶೇಷ ನಿರ್ಣಯಗಳನ್ನು ಅವರೊಬ್ಬರೇ ತಡೆಯಬಹುದು.