ಐವರು ಗುಮಾಸ್ತರು, ಒಂಬೈನೂರು ಸಾಲು: ಕೈಬರಹದ ಮಾದರಿಗಳನ್ನು ಹೆಚ್ಚಿಸುವ ಬಗೆ

ಶಿರಸಿ ಪೇಟೆಯ ಒಂದು ಅಡಿಕೆ ವಖಾರಿಯ ಹಳೆಯ ಕಿರ್ದಿ ಪುಸ್ತಕಗಳನ್ನು ಕಂಪ್ಯೂಟರಿಗೆ ಓದಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಬೆಳೆಗಾರರ ಹೆಸರು, ಊರು, ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂಬ ಬಗೆ, ಚೀಲದ ಲೆಕ್ಕ, ತೂಕ, ದರ ಎಲ್ಲವೂ ಕೈಬರಹ. ಅಂಕಿಗಳೂ ಕನ್ನಡದವೇ. ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಸಾಲು ಸಾಲಾಗಿ ಕತ್ತರಿಸಿ, ಪ್ರತಿ ಸಾಲಿಗೂ ಸರಿಯಾದ ಪಠ್ಯವನ್ನು ಟೈಪು ಮಾಡಿ ಜೋಡಿಸಿದ್ದಾಯಿತು. ಕೈಗೆ ಸಿಕ್ಕಿದ್ದು 900 ಸಾಲು, ಬರೆದವರು ಐವರು ಗುಮಾಸ್ತರು. ಇಷ್ಟೇ ಮಾದರಿಗಳನ್ನು ಕೊಟ್ಟರೆ ಕೈಬರಹ ಓದಲು ಕಲಿಯುವ ಪ್ರೋಗ್ರಾಮು, ಅಂದರೆ ಮಾಡೆಲ್, ಅವುಗಳನ್ನು ಬಾಯಿಪಾಠ ಮಾಡಿಬಿಡುತ್ತದೆ, ಹೊಸ ಪುಟ ಕಂಡರೆ ತಡವರಿಸುತ್ತದೆ. ಹಾಗಾಗಿ ಇದ್ದ ಸಾಲುಗಳನ್ನೇ ಸ್ವಲ್ಪ ಓರೆ ಮಾಡಿ, ಮಸುಕು ಮಾಡಿ, ಶಾಯಿ ಏರುಪೇರು ಮಾಡಿ ಹೆಚ್ಚಿಸಿಕೊಳ್ಳುವುದು ರೂಢಿ.

ಇದಕ್ಕೆ ಬೇಕಾದ ಸಾಫ್ಟ್‌ವೇರ್ ಗ್ರಂಥಾಲಯಗಳು ಪುಕ್ಕಟೆ ಸಿಗುತ್ತವೆ, ನಾಲ್ಕು ಸಾಲಿನ ಕೋಡಿನಲ್ಲಿ ಕೆಲಸ ಮುಗಿಯುತ್ತದೆ. ತೊಂದರೆ ಇರುವುದೇ ಅಲ್ಲಿ. ಆ ಸಲಕರಣೆಗಳ ಸಿದ್ಧ ಅಳತೆಗಳಲ್ಲಿ ಅನೇಕವು ಬೆಕ್ಕು, ಕಾರುಗಳ ಚಿತ್ರಕ್ಕೆ ಹೊಂದುವಂಥವು. ಬೆಕ್ಕನ್ನು ಎಡಬಲ ತಿರುವಿ ಹಾಕಿದರೂ ಅದು ಬೆಕ್ಕೇ, ಅಕ್ಷರಕ್ಕೆ ಆ ಸೌಲಭ್ಯವಿಲ್ಲ. ಆದ್ದರಿಂದ ಕನ್ನಡಿಬಿಂಬ ಮಾಡುವ ಆಯ್ಕೆಯನ್ನು ಮೊದಲೇ ತೆಗೆದುಹಾಕಿ. ಉಳಿದ ಪ್ರತಿ ಬದಲಾವಣೆಗೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಪುಸ್ತಕದಲ್ಲಿ, ಈ ಕ್ಯಾಮೆರಾದಲ್ಲಿ ಇದು ನಿಜವಾಗಿ ಆಗಲು ಕಾರಣವೇನು? ಕಾರಣ ಹೇಳಲಾಗದಿದ್ದರೆ ಆ ಬದಲಾವಣೆ ಬೇಡ.

ಮೊದಲು ಬೇರ್ಪಡಿಸಿ, ಆಮೇಲೆ ಹೆಚ್ಚಿಸಿ

ಪರೀಕ್ಷೆಗೆ ಬೇಕಾದ ಸಾಲುಗಳನ್ನು ಏನೂ ಮಾಡುವ ಮೊದಲೇ ಎತ್ತಿಡಬೇಕು. ಎಲ್ಲ ಸಾಲುಗಳನ್ನೂ ಕಲಸಿ ನೂರು ತೆಗೆದರೆ ಪ್ರಯೋಜನವಿಲ್ಲ. ಐವರಲ್ಲಿ ಒಬ್ಬ ಗುಮಾಸ್ತರ ಬರಹವನ್ನು ಪೂರ್ತಿಯಾಗಿ ಬದಿಗಿಡಿ. ಹೆಚ್ಚಿಸಿದ ಮೇಲೆ ಬೇರ್ಪಡಿಸಿದರೆ ಒಂದೇ ಸಾಲಿನ ಓರೆ ಪ್ರತಿ ತರಬೇತಿಯಲ್ಲೂ ನೇರ ಪ್ರತಿ ಪರೀಕ್ಷೆಯಲ್ಲೂ ಸೇರಿಕೊಳ್ಳುತ್ತದೆ. ಆಗ ಬರುವ ಚೆಂದದ ಅಂಕವನ್ನು ನಂಬುವಂತಿಲ್ಲ. ಪರೀಕ್ಷೆಯ ಸಾಲುಗಳಿಗೆ ಯಾವ ಬದಲಾವಣೆಯನ್ನೂ ಮಾಡಬಾರದು.

ಇನ್ನು ಅಳತೆ. ತರಬೇತಿಯ ಸಾಲುಗಳಿಂದ ಐವತ್ತನ್ನು ಆರಿಸಿಕೊಂಡು ದೊಡ್ಡದು ಮಾಡಿ ನೋಡಿ: ಸಾಲು ಎಷ್ಟು ಡಿಗ್ರಿ ಓರೆಯಾಗಿದೆ, ಗೆರೆ ಎಷ್ಟು ಪಿಕ್ಸೆಲ್ ದಪ್ಪ, ಶಾಯಿ ಎಷ್ಟು ಕಪ್ಪು. ಇವುಗಳ ಜೊತೆಗೆ, ಅಕ್ಷರದ ಗುರುತು ಉಳಿಯಲು ಬೇಕಾದ ಅತಿ ಕಿರಿದಾದ ಸಂದು ಎಷ್ಟು ಪಿಕ್ಸೆಲ್ ಎಂದೂ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಸಾಲಿನ ಎತ್ತರ 64 ಪಿಕ್ಸೆಲ್, ಉದ್ದ 1200, ಗೆರೆಯ ದಪ್ಪ 4, ಅಂಕಿ ೧ರ ತೆರೆದ ಬಾಯಿ 3 ಪಿಕ್ಸೆಲ್. ಈ ಮೂರು ಪಿಕ್ಸೆಲ್ಲೇ ಮುಂದಿನ ಲೆಕ್ಕಕ್ಕೆಲ್ಲ ಯಜಮಾನ. ಆ ಬಾಯಿ ಮುಚ್ಚಿದರೆ ೧ ಹೋಗಿ ೦ ಆಗುತ್ತದೆ, ಹತ್ತು ಚೀಲ ರಾಶಿ ಸೊನ್ನೆ ಚೀಲವಾಗುತ್ತದೆ. ಆದರೆ ನೀವು ಟೈಪು ಮಾಡಿದ ಪಠ್ಯದಲ್ಲಿ ಅದು ಹತ್ತಾಗಿಯೇ ಇರುತ್ತದೆ. ಅಂದರೆ ಮಾಡೆಲಿಗೆ ಸುಳ್ಳು ಪಾಠ ಹೇಳಿಕೊಟ್ಟಂತೆ.

ಶಾಯಿ

ಬದಲಾವಣೆಗಳನ್ನು ನಿಜದಲ್ಲಿ ನಡೆದ ಕ್ರಮದಲ್ಲೇ ಮಾಡಬೇಕು. ಮೊದಲು ಪೆನ್ನು ಕಾಗದಕ್ಕೆ ತಾಗಿತು, ಆಮೇಲೆ ಕಾಗದ ಓರೆಯಾಗಿ ಕ್ಯಾಮೆರಾದ ಮುಂದೆ ಬಂತು, ಆಮೇಲೆ ಲೆನ್ಸು ಮಸುಕಾಯಿತು, ಕೊನೆಗೆ ಸೆನ್ಸರಿನ ಕಾಳುಕಾಳು ನಾಯ್ಸ್ ಮತ್ತು ಜೆಪೆಗ್ ಸಂಕುಚನದ ಕಲೆಗಳು ಸೇರಿದವು. ನಾಯ್ಸ್ ಮೊದಲು ಹಾಕಿ ಮಸುಕು ಆಮೇಲೆ ಮಾಡಿದರೆ ಕಾಳುಗಳು ಕರಗಿ ಮೋಡದಂತಾಗುತ್ತವೆ. ಫೋಟೊ ತೆಗೆಯುವಾಗ ನಡೆಯುವ ಕ್ರಮ ಅದಲ್ಲ.

ಹಾಗಾಗಿ ಶಾಯಿಯಿಂದ ಆರಂಭ. ಎಲ್ಲರೂ ಮಾಡುವ ಸುಲಭದ ದಾರಿ, ಬಿಳಿ ಕಾಗದದ ಮೇಲಿನ ಕಪ್ಪು ಗೆರೆಯನ್ನು ದಪ್ಪ ಮಾಡುವ `erode`, ತೆಳು ಮಾಡುವ `dilate` ಎಂಬ ಆಜ್ಞೆಗಳು. ಮೂರಕ್ಕೆ ಮೂರು ಪಿಕ್ಸೆಲಿನ ಅಚ್ಚು ಕೊಟ್ಟರೆ ಪ್ರತಿ ಅಂಚೂ ಒಂದೊಂದು ಪಿಕ್ಸೆಲ್ ಸರಿಯುತ್ತದೆ. ನಾಲ್ಕು ಪಿಕ್ಸೆಲಿನ ಗೆರೆ ಒಮ್ಮೆಲೇ ಆರಕ್ಕೆ ಏರುತ್ತದೆ ಅಥವಾ ಎರಡಕ್ಕೆ ಇಳಿಯುತ್ತದೆ. ೧ರ ಬಾಯಿ ಮೂರರಿಂದ ಒಂದಕ್ಕೆ ಬರುತ್ತದೆ. ತೆಳು ಮಾಡುವಾಗ ಧ ಅಕ್ಷರದ ಹೊಟ್ಟೆ ಸೀಳಿದ ಸಣ್ಣ ಗೀರು ಅಳಿಸಿಹೋಗಿ ಅದು ದ ಆಗುತ್ತದೆ, ಠದ ಒಳಗಿನ ಚುಕ್ಕೆ ಹೋಗಿ ರ ಆಗುತ್ತದೆ. ಚಿತ್ರವನ್ನು ಮೊದಲು ನಾಲ್ಕು ಪಟ್ಟು ಹಿಗ್ಗಿಸಿ, ಅದೇ ಅಚ್ಚನ್ನು ಬಳಸಿ, ಮತ್ತೆ ಮೂಲ ಅಳತೆಗೆ ತಂದರೆ ಗೆರೆ ನಾಲ್ಕರಿಂದ ನಾಲ್ಕೂವರೆಗೆ ಮಾತ್ರ ಹೋಗುತ್ತದೆ. ಪೆನ್ನು ಬದಲಾದಾಗ ಆಗುವ ವ್ಯತ್ಯಾಸ ಇಷ್ಟರದೇ. ಘಟ್ಟದ ಮೇಲಿನ ಮಳೆಗಾಲದಲ್ಲಿ ಥಂಡಿ ಹಿಡಿದ ಕಾಗದದ ಮೇಲೆ ಶಾಯಿಪೆನ್ನು ಹರಡುವುದು ಇದಕ್ಕಿಂತ ಹೆಚ್ಚು, ನಿಜ. ಆದರೆ ಅಂಥ ಪುಟ ನಿಮ್ಮ ಕಿರ್ದಿಯಲ್ಲಿ ಇದ್ದರೆ ಮಾತ್ರ ಅದನ್ನು ಅನುಕರಿಸಿ.

ಗೆರೆಯ ದಪ್ಪಕ್ಕಿಂತ ಹೆಚ್ಚು ಲಾಭ ಶಾಯಿಯ ಕಡುಪನ್ನು ಬದಲಿಸುವುದರಲ್ಲಿದೆ. ಪೆನ್ನಿನ ಶಾಯಿ ಪಿಕ್ಸೆಲಿಗೊಂದರಂತೆ ಬದಲಾಗುವುದಿಲ್ಲ. ಸಾಲಿನ ಉದ್ದಕ್ಕೂ ನಿಧಾನವಾಗಿ ತಿಳಿಯಾಗುತ್ತದೆ, ಪೆನ್ನು ಕೊಡವಿದ ಮೇಲೆ ಮತ್ತೆ ಗಾಢವಾಗುತ್ತದೆ. ಅದಕ್ಕೆ ಕಾಗದವನ್ನೂ ಶಾಯಿಯನ್ನೂ ಬೇರೆ ಮಾಡಿ, ಶಾಯಿಯ ಭಾಗಕ್ಕೆ ಮಾತ್ರ ನಿಧಾನವಾಗಿ ಬದಲಾಗುವ ಘಾತವನ್ನು ಹಾಕುವ ವಿಧಾನ ಇಲ್ಲಿದೆ:

```python
import cv2, numpy as np
rng = np.random.default_rng()

def vary_ink(gray):
    g = gray.astype(np.float32) + 1
    k = cv2.getStructuringElement(cv2.MORPH_ELLIPSE, (31, 31))
    paper = cv2.morphologyEx(g, cv2.MORPH_CLOSE, k)
    paper = cv2.GaussianBlur(paper, (0, 0), 10)
    ink = np.clip(g / paper, 0.02, 1)
    knots = rng.uniform(0.8, 1.2) + rng.uniform(-0.15, 0.15, (1, 6))
    h, w = gray.shape
    power = cv2.resize(knots.astype(np.float32), (w, h),
                       interpolation=cv2.INTER_CUBIC)
    return np.clip(paper * ink ** power - 1, 0, 255).astype(np.uint8)
```

ಘಾತ ಒಂದಕ್ಕಿಂತ ಕಡಿಮೆಯಾದರೆ ಶಾಯಿ ತಿಳಿ, ಹೆಚ್ಚಾದರೆ ಗಾಢ. ಖಾಲಿ ಕಾಗದ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕಿರ್ದಿಯಲ್ಲಿ ಅಚ್ಚಾದ ಗೆರೆಗಳಿದ್ದರೆ ಈ ಕೋಡು ಅವನ್ನೂ ಶಾಯಿಯೆಂದೇ ತಿಳಿಯುತ್ತದೆ. ಅಚ್ಚಿನ ಕೆಂಪು ಗೆರೆ ಗುಮಾಸ್ತರ ಪೆನ್ನಿನ ಜೊತೆ ತಿಳಿಯಾಗುತ್ತ ಹೋದರೆ ನೋಡಿದವರಿಗೆ ತಕ್ಷಣ ಕೃತಕವೆನಿಸುತ್ತದೆ. ಬಣ್ಣದ ಚಿತ್ರ ಇದ್ದಾಗಲೇ ಆ ಗೆರೆಗಳನ್ನು ಗುರುತಿಸಿ ಈ ಹಂತದಿಂದ ಹೊರಗಿಡುವುದು ಒಳ್ಳೆಯದು.

ಓರೆ

ಬಿಡಿ ಅಕ್ಷರವನ್ನು ಐದು ಡಿಗ್ರಿ ತಿರುಗಿಸಿದರೆ ಏನೂ ಕೆಡುವುದಿಲ್ಲ. ಉದ್ದದ ಸಾಲಿನ ಕತೆ ಬೇರೆ. 1200 ಪಿಕ್ಸೆಲಿನ ಸಾಲನ್ನು ಐದು ಡಿಗ್ರಿ ತಿರುಗಿಸಿದರೆ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 105 ಪಿಕ್ಸೆಲ್ ಮೇಲೇರುತ್ತದೆ. ಸಾಲಿನ ಎತ್ತರವೇ 64. ಇದನ್ನೆಲ್ಲ ಹಿಡಿಸುವ ಚೌಕಟ್ಟು ಹಾಕಿ ಮತ್ತೆ 64ಕ್ಕೆ ಕುಗ್ಗಿಸಿದರೆ ಅಕ್ಷರಗಳು ಮೊದಲಿದ್ದುದರ ಐದರಲ್ಲಿ ಎರಡು ಪಾಲಿಗಿಂತಲೂ ಕೆಳಗಿಳಿಯುತ್ತವೆ. ಒಂದು ಡಿಗ್ರಿಗೆ ಆ ಏರು 21 ಪಿಕ್ಸೆಲ್ ಮಾತ್ರ. ಸಾಲುಗಳನ್ನು ಕತ್ತರಿಸುವ ಮುಂಚೆ ಪುಟವನ್ನು ನೇರ ಮಾಡಿಕೊಂಡಿದ್ದರೆ ಉಳಿಯುವ ಓರೆ ಒಂದೆರಡು ಡಿಗ್ರಿ ದಾಟುವುದು ಅಪರೂಪ. ನೀವು ಅಳೆದ ಐವತ್ತು ಸಾಲುಗಳ ಓರೆಯನ್ನೇ ಮಿತಿಯಾಗಿಟ್ಟುಕೊಳ್ಳಿ.

ಕನ್ನಡಕ್ಕೆ ವಿಶೇಷವಾಗಿ ಕಾಡುವುದು ಒತ್ತಕ್ಷರ. ಸಾಲನ್ನು ಬಿಗಿಯಾಗಿ ಕತ್ತರಿಸಿ ಆಮೇಲೆ ತಿರುಗಿಸಿದರೆ ಕೆಳಮೂಲೆಯಲ್ಲಿರುವ ‘ಬೆಟ್ಟೆ’ಯ ಒತ್ತು ಚೌಕಟ್ಟಿನಿಂದ ಹೊರಗೆ ಬಿದ್ದು ‘ಬೆಟೆ’ ಉಳಿಯುತ್ತದೆ. ತಿರುಗಿಸುವ ಮೊದಲು ಮೂಲ ಪುಟದಿಂದಲೇ ಮೇಲೆ ಕೆಳಗೆ ಹೆಚ್ಚು ಜಾಗ ಬಿಟ್ಟು ಕತ್ತರಿಸಿ, ತಿರುಗಿಸಿದ ಮೇಲೆ ಬೇಕಾದಷ್ಟನ್ನು ಉಳಿಸಿಕೊಳ್ಳಿ. ಮೂಲೆಗಳಲ್ಲಿ ಕಪ್ಪು ತ್ರಿಕೋನ ಬೀಳುವ ಕಾಟವೂ ಇದರಿಂದ ತಪ್ಪುತ್ತದೆ, ಏಕೆಂದರೆ ಅಲ್ಲಿ ನಿಜವಾದ ಕಾಗದವೇ ಇರುತ್ತದೆ. ಪಕ್ಕದ ಸಾಲಿನ ಒತ್ತೋ ದೀರ್ಘವೋ ಸ್ವಲ್ಪ ಇಣುಕಿದರೆ ಚಿಂತೆಯಿಲ್ಲ, ನಿಜವಾಗಿ ಕತ್ತರಿಸಿದಾಗಲೂ ಹಾಗೆಯೇ ಆಗುತ್ತದೆ.

ಅಕ್ಷರ ಮಾತ್ರ ಬಲಕ್ಕೆ ವಾಲುವುದು ಬೇರೆ ಸಂಗತಿ. ಅದು ಬರೆಯುವವರ ಕೈಯ ಗುಣ, ಕ್ಯಾಮೆರಾದ್ದಲ್ಲ. ವಾಲಿಸುವಾಗ ಅಚ್ಚಿನ ನಿಲುವು ಗೆರೆಗಳೂ ಜೊತೆಗೆ ವಾಲಿದರೆ ಅಂಥ ಕಿರ್ದಿ ಎಲ್ಲಿಯೂ ಸಿಗದು. ತಿರುಗಿಸುವಾಗ ಗೆರೆಗಳೂ ತಿರುಗಬೇಕು, ವಾಲಿಸುವಾಗ ವಾಲಬಾರದು.

ಮಸುಕು

ಮಸುಕಿಗೆ ಗಾಸಿಯನ್ ಶೋಧಕ ಸಾಕು. ಅದರ ಅಳತೆ ಸಿಗ್ಮಾ, ಅದು ಹೆಚ್ಚಿದಷ್ಟೂ ಮಸುಕು ಹೆಚ್ಚು. ನಮ್ಮ ಮೂರು ಪಿಕ್ಸೆಲಿನ ಬಾಯಿಗೆ ಸಿಗ್ಮಾ ಒಂದರವರೆಗೆ ತಡೆಯುತ್ತದೆ, ಎರಡಕ್ಕೆ ಹೋದರೆ ಬಾಯಿ ಅರ್ಧದಷ್ಟು ಕಪ್ಪಾಗಿ ಗೆರೆಯೊಂದಿಗೆ ಬೆರೆಯತೊಡಗುತ್ತದೆ. ಮಂದ ಬೆಳಕಿನ ವಖಾರಿಯಲ್ಲಿ ಕೈ ಅಲುಗಿದ ಫೋಟೊಗಳಿದ್ದರೆ ಒಂದೇ ದಿಕ್ಕಿಗೆ ಎಳೆದ ಮಸುಕನ್ನೂ ಸೇರಿಸಬಹುದು, ಎರಡು ಮೂರು ಪಿಕ್ಸೆಲಿನಷ್ಟು. ನಿಜದ ಸಾಲುಗಳ ಚುರುಕನ್ನು ಅಳೆಯಲು `cv2.Laplacian(gray, cv2.CV_64F).var()` ಬಳಸಿ. ಮಸುಕಾದಷ್ಟೂ ಇದರ ಬೆಲೆ ಇಳಿಯುತ್ತದೆ. ನಿಮ್ಮ ನಿಜದ ಸಾಲುಗಳಲ್ಲಿ ಅತಿ ಮಸುಕಾದುದರ ಬೆಲೆಗಿಂತ ಕೃತಕ ಸಾಲು ಕೆಳಗಿಳಿದರೆ ಅದನ್ನು ಬಿಟ್ಟುಬಿಡಿ. ಸಾಲಿನಲ್ಲಿ ಬರಹ ಎಷ್ಟಿದೆ, ನಾಯ್ಸ್ ಎಷ್ಟಿದೆ ಎಂಬುದರಿಂದಲೂ ಈ ಬೆಲೆ ಬದಲಾಗುವುದರಿಂದ, ಒಂದೇ ಎತ್ತರದ, ಒಂದೇ ಬಗೆಯ ಸಾಲುಗಳನ್ನು ಮಾತ್ರ ಹೋಲಿಸಿ.

ಒಂದೊಂದೇ ಆಗಿ ಸರಿಯಾಗಿರುವ ಅಳತೆಗಳು ಒಟ್ಟುಗೂಡಿದಾಗ ಕೆಡಿಸುತ್ತವೆ. ದಪ್ಪವಾದ ಶಾಯಿ ೧ರ ಬಾಯಿಯಿಂದ ಅರ್ಧ ಪಿಕ್ಸೆಲ್ ತಿಂದಿದ್ದರೆ ಮಸುಕಿಗೆ ಉಳಿದಿರುವುದು ಎರಡೂವರೆ ಮಾತ್ರ. ಹಾಗಾಗಿ ಒಂದು ಸಾಲಿಗೆ ಎರಡಕ್ಕಿಂತ ಹೆಚ್ಚು ಬದಲಾವಣೆ ಬೇಡ, ಗೆರೆ ದಪ್ಪವಾದಾಗ ಮಸುಕಿನ ಮಿತಿ ಅರ್ಧವಾಗಲಿ, ಮೂರರಲ್ಲಿ ಒಂದು ಪಾಲು ಸಾಲುಗಳು ಹೇಗಿದ್ದವೋ ಹಾಗೆಯೇ ಹೋಗಲಿ. ಒಂದು ಸಾಲಿಗೆ ಹತ್ತು ಪ್ರತಿ ಮಾಡಿ ಡಿಸ್ಕಿನಲ್ಲಿ ತುಂಬಿಡುವ ಬದಲು ತರಬೇತಿಯ ಪ್ರತಿ ಸುತ್ತಿನಲ್ಲೂ ಹೊಸದಾಗಿ ಬದಲಿಸುವುದು ಮೇಲು.

ಸರಿಯಾಯಿತೋ ಇಲ್ಲವೋ

ಐವತ್ತು ನಿಜದ ಸಾಲು, ಐವತ್ತು ಕೃತಕ ಸಾಲುಗಳನ್ನು ಬೆರೆಸಿ ಮುದ್ರಿಸಿ, ಕಿರ್ದಿ ಓದಿ ಅಭ್ಯಾಸವಿರುವ ಒಬ್ಬರ ಮುಂದಿಡಿ. ಅವರಿಂದ ಎರಡು ಕೆಲಸ ಆಗಬೇಕು: ಪ್ರತಿ ಸಾಲನ್ನು ಗಟ್ಟಿಯಾಗಿ ಓದುವುದು ಮತ್ತು ಕೃತಕವೆನಿಸಿದ್ದನ್ನು ತೋರಿಸುವುದು. ಅವರು ಓದಿದ್ದು ನಿಮ್ಮ ಪಠ್ಯಕ್ಕೆ ಹೊಂದದಿದ್ದರೆ ಅಕ್ಷರವೇ ಕೆಟ್ಟಿದೆ ಎಂದರ್ಥ, ಆ ಬದಲಾವಣೆಯ ಮಿತಿಯನ್ನು ಇಳಿಸಿ. ಕೃತಕವೆಂದು ತೋರಿಸಿದರೆ ಯಾಕೆಂದು ಕೇಳಿ. ‘ಈ ಗೆರೆ ಯಾಕೆ ಸೊಟ್ಟಗಿದೆ’ ಎಂಬಂಥ ಒಂದು ಉತ್ತರದಿಂದ ಎಲ್ಲಿ ತಿದ್ದಬೇಕೆಂಬುದು ಗೊತ್ತಾಗಿಬಿಡುತ್ತದೆ.

ಆಮೇಲೆ ತರಬೇತಿ. ಮೊದಲು ಏನೂ ಸೇರಿಸದೆ ಒಮ್ಮೆ, ನಂತರ ಶಾಯಿ ಮಾತ್ರ, ಓರೆ ಮಾತ್ರ, ಮಸುಕು ಮಾತ್ರ, ಕೊನೆಗೆ ಎಲ್ಲ ಸೇರಿಸಿ. ಪ್ರತಿ ಬಾರಿಯೂ ಬದಿಗಿಟ್ಟ ಗುಮಾಸ್ತರ ಸಾಲುಗಳಲ್ಲಿ ಎಷ್ಟು ಅಕ್ಷರ ತಪ್ಪಾಯಿತು ಎಂದು ಎಣಿಸಿ. ಒಟ್ಟು ತಪ್ಪು ಇಳಿದರೂ ಸಂಭ್ರಮಿಸುವ ಮೊದಲು ಯಾವ ಅಕ್ಷರ ಯಾವುದಾಯಿತು ಎಂಬ ಪಟ್ಟಿಯನ್ನು ನೋಡಿ. ಒಟ್ಟು ತಪ್ಪು ಕಡಿಮೆಯಾಗಿ, ೧ರ ಬದಲು ೦ ಎಂದು ಓದಿದ್ದು ಮಾತ್ರ ಏರಿದ್ದರೆ ಶಾಯಿಯೋ ಮಸುಕೋ ಮಿತಿ ಮೀರಿದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಊಹಿಸಿ ತಿದ್ದಬಹುದು, ಚೀಲದ ಲೆಕ್ಕ ತಪ್ಪಿದರೆ ಊಹೆಗೆ ಆಧಾರವೇ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಬರಹಗಾರರು ಐವರೇ. ಅವರಲ್ಲಿ ಯಾರೂ ‘ಝ’ ಬರೆದಿಲ್ಲವಾದರೆ ಯಾವ ಮಸುಕೂ ಅದನ್ನು ಹುಟ್ಟಿಸದು. ಕ ಅಕ್ಷರವನ್ನು ಬೇರೆಯೇ ರೀತಿಯಲ್ಲಿ ಸುತ್ತುವ ಕೈ ಬಂದರೆ ಓರೆಯ ಪ್ರತಿಗಳು ನೆರವಿಗೆ ಬರುವುದಿಲ್ಲ. ಅಂಕ ಒಂದು ಹಂತದಲ್ಲಿ ನಿಂತುಹೋದಾಗ ಅಳತೆಗಳನ್ನು ಮತ್ತಷ್ಟು ತಿರುಚುತ್ತ ಕೂರುವ ಬದಲು ಇನ್ನೊಂದು ವಖಾರಿಯ ಪುಸ್ತಕ ಕೇಳಿ ತಂದು, ಆರನೆಯ ಗುಮಾಸ್ತರ ಐವತ್ತು ಸಾಲುಗಳನ್ನು ಟೈಪು ಮಾಡಿ ಸೇರಿಸಿ.