ಟೀಮಿನ ಬೋರ್ಡನ್ನು ನಾನು ಬಲಗಡೆಯಿಂದ ಓದುತ್ತೇನೆ

ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುವವನು. ರೈತರ ಲಾಟು, ತೂಕ, ಮಾರಾಟದ ಲೆಕ್ಕ ಬರೆದುಕೊಡುವ ಪಟ್ಟಿ, ಖರೀದಿದಾರರ ಬಾಕಿ ಎಲ್ಲ ಒಂದೇ ಕಡೆ ಸಿಗಲಿ ಎಂದು ನಮ್ಮ ಸಾಹುಕಾರರು ಹುಬ್ಬಳ್ಳಿಯ ಸಣ್ಣದೊಂದು ಟೀಮಿಗೆ ಸಾಫ್ಟ್‌ವೇರ್ ಮಾಡಲು ಕೊಟ್ಟರು. ಹೊಸ ಮಾಲಿನ ಆವಕ ಜೋರಾಗುವ ಮೊದಲು ಅದು ಕೈಗೆ ಸಿಗಬೇಕಿತ್ತು. ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸುವ ಹೊಣೆ ನನಗೆ ಬಿತ್ತು. ಕೋಡಿಂಗ್ ನನಗೆ ಬರುವುದಿಲ್ಲ. ಟೀಮಿನವರು ಯಾವ ಕೆಲಸ ಯಾವ ಹಂತದಲ್ಲಿದೆ ಎಂದು ತೋರಿಸುವ ತಮ್ಮ ಟ್ರೆಲ್ಲೊ ಬೋರ್ಡಿನ ಲಿಂಕ್ ಕಳಿಸಿ, "ಎಲ್ಲಾ ಇದರಾಗ ಐತ್ರಿ ಸರ, ಯಾವಾಗ ಬೇಕಾದ್ರೂ ನೋಡ್ರಿ" ಎಂದರು.

ಬೋರ್ಡಿನಲ್ಲಿ ಎಡದಿಂದ ಬಲಕ್ಕೆ Backlog, To Do, In Progress, Review, Testing, Done ಎಂಬ ಕಂಬಸಾಲುಗಳಿದ್ದವು. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಕೆಲಸ ಮುಂದೆ ಹೋದಂತೆ ಕಾರ್ಡು ಬಲಕ್ಕೆ ಸರಿಯುತ್ತದೆ. ಎಲ್ಲರೂ ಎಡದಿಂದಲೇ ಓದಲು ಶುರುಮಾಡುತ್ತಾರೆ, ಅಲ್ಲಿರುವ ಉದ್ದನೆಯ Backlog ನೋಡಿ ಗಾಬರಿಯಾಗುತ್ತಾರೆ. ಅದರ ಅಗತ್ಯವಿಲ್ಲ. Backlog ಎಂದರೆ ಯಾರಿಗೋ ಹೊಳೆದದ್ದನ್ನೆಲ್ಲ ಬರೆದಿಟ್ಟ ಜಾಗ. ಅಲ್ಲಿರುವುದನ್ನು ಮಾಡುತ್ತೇವೆ ಎಂದು ಯಾರೂ ಮಾತು ಕೊಟ್ಟಿಲ್ಲ. ಅದು ಉದ್ದ ಇದ್ದ ಮಾತ್ರಕ್ಕೆ ಕೆಲಸ ತಡವಾಗಿದೆ ಎಂದಲ್ಲ.

ನಾನು ಬಲತುದಿಯಿಂದ ಓದುತ್ತೇನೆ. ಮೊದಲು Done. ಅಲ್ಲಿ ಎಷ್ಟು ಕಾರ್ಡು ಇವೆ ಎನ್ನುವುದಕ್ಕಿಂತ ಈ ವಾರ ಹೊಸದಾಗಿ ಯಾವುವು ಬಂದವು ಎಂದು ನೋಡುತ್ತೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿ ಇಟ್ಟುಕೊಂಡಿದ್ದೆ: "Done ಅಂದ್ರ ನಮ್ಮ ಅಂಗಡಿ ಕಂಪ್ಯೂಟರಿನ್ಯಾಗ ನಡೀತೈತೇನ್ರಿ?" ಟೀಮ್ ನೋಡಿಕೊಳ್ಳುವ ಹುಡುಗಿ ನಕ್ಕು, "ಇಲ್ರಿ ಸರ, ನಮ್ಮ ಸರ್ವರಿನ್ಯಾಗ ಟೆಸ್ಟ್ ಪಾಸ್ ಆಗೈತಿ ಅಂತ ಅಷ್ಟ. ನಿಮ್ಮ ಕಡೆ ಹಾಕೂದು ಬ್ಯಾರೇ" ಎಂದರು. ಇದರಲ್ಲಿ ಮೋಸವೇನೂ ಇಲ್ಲ. ಅವರ ಪಾಲಿನ ಕೆಲಸ ಅಲ್ಲಿಗೆ ಮುಗಿಯುತ್ತದೆ, ನನ್ನದು ಅಲ್ಲಿಂದ ಶುರುವಾಗುತ್ತದೆ. ಕೇಳಿದ ಮೇಲೆ ಅವರು Done ಪಕ್ಕದಲ್ಲಿ Live ಎಂದು ಇನ್ನೊಂದು ಸಾಲು ಹಾಕಿದರು. ಸಾಹುಕಾರರಿಗೆ ನಾನು ವರದಿ ಕೊಡುವುದು ಆ ಸಾಲು ನೋಡಿಯೇ.

ಇನ್ನು ಬಣ್ಣ. ಹೆಚ್ಚಿನವರು ಎಡವುವುದು ಇಲ್ಲಿ, ಯಾಕೆಂದರೆ ಬೋರ್ಡಿನಲ್ಲಿ ಎರಡು ಜಾತಿಯ ಬಣ್ಣಗಳಿರುತ್ತವೆ. ಒಂದು ಜಾತಿ ಟೂಲ್ ತಾನೇ ಹಚ್ಚುವಂಥದ್ದು. ಟ್ರೆಲ್ಲೊದಲ್ಲಿ ಕಾರ್ಡಿಗೆ ಗಡುವಿನ ದಿನಾಂಕ ಹಾಕಿದ್ದರೆ, ಇನ್ನು 24 ಗಂಟೆಯೊಳಗೆ ಮುಗಿಯಬೇಕು ಎನ್ನುವಾಗ ಆ ದಿನಾಂಕದ ಪಟ್ಟಿ ಹಳದಿಯಾಗುತ್ತದೆ. ಗಡುವು ದಾಟಿದರೆ ಕೆಂಪು. ಮುಗಿದಿದೆ ಎಂದು ಗುರುತು ಹಾಕಿದರೆ ಹಸಿರು. ಇದರ ಅರ್ಥ ಎಲ್ಲ ಟ್ರೆಲ್ಲೊ ಬೋರ್ಡಿನಲ್ಲೂ ಒಂದೇ.

ಇನ್ನೊಂದು ಜಾತಿ ಟೀಮಿನವರು ಹಚ್ಚುವ ಲೇಬಲ್. ಕಾರ್ಡಿನ ನೆತ್ತಿಯ ಮೇಲೆ ಸಣ್ಣ ಬಣ್ಣದ ಪಟ್ಟಿ ಇರುತ್ತದಲ್ಲ, ಅದು. ಇದಕ್ಕೆ ಯಾವ ನಿಯಮವೂ ಇಲ್ಲ. ನಮ್ಮ ಬೋರ್ಡಿನಲ್ಲಿ ಕೆಂಪು ಲೇಬಲ್ ಎಂದರೆ ತೂಕದ ವಿಭಾಗ, ಹಸಿರು ಎಂದರೆ ಪಟ್ಟಿ ಮತ್ತು ಬಾಕಿ. ತುರ್ತಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸಾಹುಕಾರರು ನನ್ನ ಮೊಬೈಲಿನಲ್ಲಿ ಬೋರ್ಡು ನೋಡಿ, "ಇಷ್ಟೆಲ್ಲಾ ಕೆಂಪ ಆಗೈತಲ್ಲೋ" ಎಂದಿದ್ದರು. ಲೇಬಲ್ ಮೇಲೆ ಕ್ಲಿಕ್ ಮಾಡಿದರೆ ಅದಕ್ಕೆ ಇಟ್ಟ ಹೆಸರು ಅಲ್ಲೇ ತೆರೆದುಕೊಳ್ಳುತ್ತದೆ. ಹೆಸರೇ ಇಟ್ಟಿಲ್ಲದಿದ್ದರೆ ಇಡಿಸಿಕೊಳ್ಳಿ.

ಟ್ರೆಲ್ಲೊದಂಥದೇ ಇನ್ನೊಂದು ಟೂಲ್ ಆದ ಜಿರಾದ ಬೋರ್ಡು ನೋಡುವವರಿಗೂ ಒಂದು ಮಾತು. ಅಲ್ಲಿ ಕಾರ್ಡಿನ ಮೂಲೆಯಲ್ಲಿ ನೀಲಿ ಚೌಕದೊಳಗೆ ಟಿಕ್ ಗುರುತು ಕಂಡರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಅದು ಕೆಲಸದ ಬಗೆಯನ್ನು ಹೇಳುವ ಚಿಹ್ನೆ. ಹಾಗೆಯೇ ಅಲ್ಲಿನ ಕೆಂಪು ಚೌಕ ದೋಷದ, ಅಂದರೆ ಬಗ್‌ನ ಗುರುತು, ತಡವಾದದ್ದಕ್ಕಲ್ಲ. ಕೆಲಸ ಯಾವ ಹಂತದಲ್ಲಿದೆ ಎಂಬುದಕ್ಕೆ ಅಲ್ಲಿ ಬೂದು, ನೀಲಿ, ಹಸಿರು ಎಂಬ ಬೇರೆಯೇ ಬಣ್ಣಗಳಿವೆ: ಶುರುವಾಗಿಲ್ಲ, ನಡೆದಿದೆ, ಮುಗಿದಿದೆ.

ಆದರೆ ನನ್ನ ಅನುಭವದಲ್ಲಿ ಬೋರ್ಡಿನ ಅತಿ ಮುಖ್ಯ ಸುದ್ದಿಗೆ ಬಣ್ಣವೇ ಇರುವುದಿಲ್ಲ. ಒಂದು ಕಾರ್ಡು ಒಂದೇ ಜಾಗದಲ್ಲಿ ಎಷ್ಟು ದಿನದಿಂದ ಕೂತಿದೆ ಎಂಬುದೇ ಆ ಸುದ್ದಿ. ಟ್ರೆಲ್ಲೊದಲ್ಲಿ ಕಾರ್ಡು ತೆರೆದರೆ ಒಳಗೆ ಚಟುವಟಿಕೆಯ ದಾಖಲೆ ಇರುತ್ತದೆ. ಯಾರು, ಯಾವತ್ತು, ಯಾವ ಸಾಲಿನಿಂದ ಯಾವ ಸಾಲಿಗೆ ಸರಿಸಿದರು ಎಂದು ಅಲ್ಲಿ ಗೊತ್ತಾಗುತ್ತದೆ.

ಒಂದು ಸಲ ಹೀಗಾಯಿತು. Testing ಸಾಲಿನಲ್ಲಿ 7 ಕಾರ್ಡು ನಿಂತಿದ್ದವು. In Progress ಮತ್ತು Review ಸೇರಿ ಇನ್ನೂ 5. ವಾರಕ್ಕೆ ಸರಾಸರಿ 4 ಕಾರ್ಡು Done ಮುಟ್ಟುತ್ತಿದ್ದವು. ನಡುವೆ ಇರುವ 12ನ್ನು 4ರಿಂದ ಭಾಗಿಸಿದರೆ 3. ಅಂದರೆ ಇವತ್ತು ಕೈಗೆತ್ತಿಕೊಂಡ ಕಾರ್ಡು ಹೊರಬರಲು ಹೆಚ್ಚುಕಡಿಮೆ 3 ವಾರ. ಕಾರ್ಡುಗಳು ಒಂದು ಅಳತೆಗೆ ಹತ್ತಿರ ಇದ್ದು, ಕೆಲಸದ ವೇಗ ಏರುಪೇರಾಗದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಒಂದೊಂದು ಕಾರ್ಡಿನ ದಿನಾಂಕ ಇದರಿಂದ ಹೇಳಲಾಗದು. ಆದರೂ "ಮುಂದಿನ ವಾರ ಕೊಡ್ತೇವ್ರಿ" ಎಂಬ ಮಾತನ್ನು ತೂಗಿ ನೋಡಲು ಸಾಕು.

ಸಾಹುಕಾರರು ಇನ್ನೊಬ್ಬ ಪ್ರೋಗ್ರಾಮರ್ ಹಾಕಿಸಿ ಎಂದರು. ಬೋರ್ಡು ಬೇರೆ ಹೇಳುತ್ತಿತ್ತು. ಕೋಡ್ ಬರೆಯುವ ಕಡೆ ದಟ್ಟಣೆಯೇ ಇಲ್ಲ, ಕಾರ್ಡುಗಳು ರಾಶಿ ಬಿದ್ದದ್ದು Testing ಬಾಗಿಲಲ್ಲಿ. ಬರೆಯುವವರನ್ನು ಹೆಚ್ಚಿಸಿದರೆ ಆ ರಾಶಿ ಇನ್ನಷ್ಟು ಬೆಳೆಯುತ್ತದೆ. ಟೀಮಿನ ಹುಡುಗಿಗೆ ಫೋನ್ ಮಾಡಿದೆ. ಯಾವಾಗ ಮುಗಿಯುತ್ತದೆ ಎಂದು ಕೇಳಲಿಲ್ಲ, ಆ ಪ್ರಶ್ನೆಗೆ ಯಾವಾಗಲೂ ಒಂದು ದಿನಾಂಕ ಸಿಗುತ್ತದೆ, ಅಷ್ಟೇ. ಅತಿ ಹಳೆಯ ಕಾರ್ಡನ್ನು ತೆರೆದುಕೊಂಡು, "ಖಾಲಿ ಚೀಲದ ತೂಕದ ಕಾರ್ಡು 11 ದಿನದಿಂದ ಟೆಸ್ಟಿಂಗ್‌ನ್ಯಾಗ ಐತಿ. ಅದು ಏನಕ್ಕ ಕಾಯಾಕತ್ತೈತ್ರಿ? ಯಾರ ಕಡೆಯಿಂದ ಬರಬೇಕು?" ಎಂದೆ.

ಉತ್ತರ ನಮ್ಮ ಕಡೆಗೇ ಬೆರಳು ತೋರಿಸಿತು. ಮಾಲಿನ ತೂಕದಿಂದ ಖಾಲಿ ಚೀಲದ ತೂಕವನ್ನು ಹೇಗೆ ಕಳೆಯಬೇಕು ಎಂದು ನಾವು ಹೇಳಿರಲೇ ಇಲ್ಲ. ಒಂದು ಖಾಲಿ ಚೀಲ 1.2 ಕಿಲೊ ಎಂದುಕೊಳ್ಳಿ. ಚೀಲಚೀಲಕ್ಕೂ ಪೂರ್ಣ ಕಿಲೊಗೆ ಇಳಿಸಿ ಕಳೆದರೆ 10 ಚೀಲದ ಲಾಟಿಗೆ 10 ಕಿಲೊ ಹೋಗುತ್ತದೆ. ಒಟ್ಟಿಗೆ ಕೂಡಿಸಿ ಕಳೆದರೆ 12 ಕಿಲೊ. ರೈತನ ಪಟ್ಟಿಯಲ್ಲಿ 2 ಕಿಲೊ ಮೆಣಸಿನಕಾಯಿಯ ವ್ಯತ್ಯಾಸ. ಪರೀಕ್ಷೆ ಮಾಡುವ ಹುಡುಗನಿಗೆ ಯಾವುದು ಸರಿ ಎಂದು ಗೊತ್ತಾಗುವುದಾದರೂ ಹೇಗೆ? ಅವನು ಕಾರ್ಡಿನಲ್ಲೇ ಪ್ರಶ್ನೆ ಬರೆದಿಟ್ಟಿದ್ದ, ಆದರೆ ನನ್ನ ಹೆಸರನ್ನು ಟ್ಯಾಗ್ ಮಾಡಿರಲಿಲ್ಲ. ಅದೇ ಸಂಜೆ ಸಾಹುಕಾರರನ್ನು ಕೇಳಿ, ರೌಂಡ್ ಮಾಡದೆ ಇಡೀ ಲಾಟಿಗೆ ಒಂದೇ ಸಲ ಕಳೆಯಬೇಕು ಎಂದು ಬರೆದೆ. ಉಳಿದ 6ರಲ್ಲಿ ಇನ್ನೂ 3 ಕಾರ್ಡು ಇದೇ ತೂಕಕ್ಕೆ ಜೋತುಬಿದ್ದಿದ್ದವು. ನಾಲ್ಕೂ ಎರಡು ದಿನದಲ್ಲಿ ಸರಿದವು.

ಆಮೇಲೆ ಅವರಲ್ಲಿ ಒಂದನ್ನೇ ಕೇಳಿಕೊಂಡೆ: ನಮ್ಮ ಉತ್ತರಕ್ಕೆ ಕಾಯುವ ಕಾರ್ಡಿಗೆ ನೇರಳೆ ಲೇಬಲ್ ಹಚ್ಚಿ, ನನ್ನನ್ನು ಟ್ಯಾಗ್ ಮಾಡಿ. ಈಗ ಬೆಳಿಗ್ಗೆ ಟೆಂಡರ್ ಗಲಾಟೆ ಶುರುವಾಗುವ ಮೊದಲು ಲೇಬಲ್ ಫಿಲ್ಟರಿನಲ್ಲಿ ನೇರಳೆಯನ್ನಷ್ಟೇ ಆರಿಸಿ ನೋಡುತ್ತೇನೆ.

ಕಾರ್ಡು ಹಿಂದಕ್ಕೆ ಹೋದದ್ದನ್ನೂ ದಾಖಲೆಯಲ್ಲಿ ಹುಡುಕುತ್ತೇನೆ. Testing ನಿಂದ In Progressಗೆ ಒಂದು ಸಲ ಮರಳಿದರೆ ತಪ್ಪು ಸಿಕ್ಕಿತು, ಒಳ್ಳೆಯದೇ. ಅದೇ ಕಾರ್ಡು ಮೂರು ಸಲ ಹಿಂದೆ ಮುಂದೆ ಓಡಾಡಿದರೆ, ಏನು ಬೇಕು ಎಂಬುದೇ ಸ್ಪಷ್ಟವಾಗಿಲ್ಲ ಎಂದುಕೊಂಡು ಒಂದು ಹಳೆಯ ಪಟ್ಟಿಯ ಫೋಟೊ ತೆಗೆದು ಕಾರ್ಡಿಗೆ ಹಾಕುತ್ತೇನೆ. ಕಾರ್ಡನ್ನು ನಾನೇ ಎಳೆದು ಸರಿಸುವುದಿಲ್ಲ. ಆ ಅಧಿಕಾರ ಕೊಡುತ್ತೇವೆ ಎಂದರೂ ಬೇಡ ಎಂದಿದ್ದೇನೆ, ನಾನು ಸರಿಸಿದರೆ ದಾಖಲೆಯಲ್ಲಿರುವ ದಿನಗಳ ಲೆಕ್ಕ ಕೆಡುತ್ತದೆ.